ಕಾರ್ಡ್ ಸ್ಟೇಟ್‌ಮೆಂಟಿಗೂ ಪ್ರವಾಸದ ಕ್ಲೇಮ್‌ಗೂ ತಾಳೆ ನೋಡುವುದು ಹೇಗೆ?

ಪ್ರಶ್ನೆ: ನಾನು ಪೀಣ್ಯದ ಒಂದು ಸಣ್ಣ ಕಂಪನಿಯಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತೇನೆ. ನಮ್ಮ ಮಾರಾಟ ವಿಭಾಗದ ಮೇಡಂ 2025ರ ಮಾರ್ಚ್ ಕೊನೆಯಲ್ಲಿ ಜರ್ಮನಿಗೆ ಹೋಗಿ ಬಂದರು. ಕಂಪನಿ ಕಾರ್ಡಿನ ಸ್ಟೇಟ್‌ಮೆಂಟ್ ₹85,253 ಬಂದಿದೆ. ಅವರು ಕೊಟ್ಟ ಕ್ಲೇಮ್ ₹89,679. ವ್ಯತ್ಯಾಸದ ₹4,426 ಅವರಿಗೆ ಕೊಟ್ಟು ಮುಗಿಸಿ ಅಂತ ಯಜಮಾನರು ಹೇಳುತ್ತಿದ್ದಾರೆ. ಆದರೆ ಒಂದು ಸಾಲೂ ಇನ್ನೊಂದಕ್ಕೆ ಹೊಂದುತ್ತಿಲ್ಲ. ಹಾಗೇ ಕೊಟ್ಟರೆ ತಪ್ಪಾ? ಟ್ಯಾಲಿಯಲ್ಲಿ ಎಂಟ್ರಿ ಹೇಗೆ ಹಾಕಬೇಕು? ಸ್ಟೇಟ್‌ಮೆಂಟ್, ಕ್ಲೇಮ್ ಶೀಟ್, ಬಿಲ್ಲುಗಳ ಪ್ರತಿ ಎಲ್ಲ ಕಳಿಸಿದ್ದೇನೆ.

ಉತ್ತರ: ಆ ಹಣವನ್ನು ಈಗಲೇ ಕೊಡಬೇಡಿ. ನೀವು ಕಳುಹಿಸಿದ ಕಾಗದಗಳನ್ನೆಲ್ಲ ಸಾಲುಸಾಲಾಗಿ ನೋಡಿದ ಮೇಲೆ ನಿಮ್ಮ ಮೇಡಂಗೆ ಸಲ್ಲಬೇಕಾದ ಮೊತ್ತ ₹4,395 ಎಂದು ಬರುತ್ತದೆ. ಯಜಮಾನರು ಹೇಳಿದ ಮೊತ್ತಕ್ಕೂ ಇದಕ್ಕೂ ಇರುವ ಅಂತರ ₹31 ಮಾತ್ರ. ಆದರೆ ಅಷ್ಟು ಹತ್ತಿರ ಬಂದದ್ದು ಆಕಸ್ಮಿಕ. ಐದು ಬೇರೆ ಬೇರೆ ತಪ್ಪುಗಳು, ಕೆಲವು ಈ ಕಡೆಗೆ, ಕೆಲವು ಆ ಕಡೆಗೆ ಎಳೆದು, ಕೊನೆಗೆ ಒಂದನ್ನೊಂದು ಹೊಡೆದುಹಾಕಿವೆ.

ನೀವು ಕಳೆಯುತ್ತಿರುವ ಎರಡು ಮೊತ್ತಗಳು ಒಂದೇ ಜಾತಿಯವಲ್ಲ. ಸ್ಟೇಟ್‌ಮೆಂಟಿನಲ್ಲಿರುವುದು ಕಂಪನಿಯು ಬ್ಯಾಂಕಿಗೆ ಕೊಡಬೇಕಾದ ಬಾಕಿ. ಕಾರ್ಡನ್ನು ಕಂಪನಿಯ ಕೆಲಸಕ್ಕೆ ಉಜ್ಜಿದರೂ ಸ್ವಂತಕ್ಕೆ ಉಜ್ಜಿದರೂ ಅದರಲ್ಲಿ ಸೇರುತ್ತದೆ. ಕ್ಲೇಮ್ ಶೀಟಿನಲ್ಲಿರುವುದು ಪ್ರವಾಸಕ್ಕೆ ಎಷ್ಟು ಖರ್ಚಾಯಿತೆಂದು ಉದ್ಯೋಗಿ ಹೇಳುವ ಲೆಕ್ಕ. ಕಾರ್ಡಿನಲ್ಲಿ ಕೊಟ್ಟದ್ದರ ಜೊತೆಗೆ ಸ್ವಂತ ಜೇಬಿನಿಂದ ಕೊಟ್ಟದ್ದೂ ಅದರಲ್ಲಿ ಬರುತ್ತದೆ. ಒಂದರಿಂದ ಇನ್ನೊಂದನ್ನು ಕಳೆದಾಗ ಉಳಿಯುವ ಸಂಖ್ಯೆ ಯಾರ ಬಾಕಿಯೂ ಅಲ್ಲ. ಆದ್ದರಿಂದ ರೂಪಾಯಿ ಹೊಂದಿಸುವ ಮೊದಲು ಎಲ್ಲ ಖರ್ಚನ್ನೂ ಮೂರು ಗುಂಪು ಮಾಡಿಕೊಳ್ಳಬೇಕು: ಕಂಪನಿಯ ಕೆಲಸಕ್ಕೆ ಕಾರ್ಡಿನಲ್ಲಿ ಕೊಟ್ಟದ್ದು, ಸ್ವಂತಕ್ಕೆ ಕಾರ್ಡಿನಲ್ಲಿ ಕೊಟ್ಟದ್ದು, ಕಂಪನಿಯ ಕೆಲಸಕ್ಕೆ ಸ್ವಂತ ಹಣದಿಂದ ಕೊಟ್ಟದ್ದು. ಮೊದಲನೆಯದರಲ್ಲಿ ಉದ್ಯೋಗಿಗೆ ಕೊಡುವುದೂ ಇಲ್ಲ, ಅವರಿಂದ ಬರುವುದೂ ಇಲ್ಲ. ಎರಡನೆಯದು ಅವರು ಕಂಪನಿಗೆ ಕೊಡಬೇಕಾದದ್ದು. ಮೂರನೆಯದು ಕಂಪನಿ ಅವರಿಗೆ ಕೊಡಬೇಕಾದದ್ದು. ನಿಮ್ಮ ಕ್ಲೇಮ್ ಶೀಟಿನಲ್ಲಿ ದಿನಾಂಕ, ವಿವರ, ಮೊತ್ತ ಎಂಬ ಮೂರೇ ಅಂಕಣಗಳಿವೆ. "ಯಾರ ಹಣ: ಕಾರ್ಡ್ / ಸ್ವಂತ" ಎಂಬ ನಾಲ್ಕನೆಯ ಅಂಕಣ ಇದ್ದಿದ್ದರೆ ನಿಮ್ಮ ಅರ್ಧ ತೊಂದರೆ ಹುಟ್ಟುತ್ತಲೇ ಇರಲಿಲ್ಲ. ಆ ಅಂಕಣವಿಲ್ಲದ ಕಂಪನಿಗಳಲ್ಲಿ ಇನ್ನೂ ದೊಡ್ಡ ಅಪಾಯವೆಂದರೆ, ಯಾರೋ ಗಡಿಬಿಡಿಯಲ್ಲಿ ಪೂರ್ತಿ ₹89,679ನ್ನು ಉದ್ಯೋಗಿಯ ಖಾತೆಗೆ ಹಾಕಿ, ಮುಂದಿನ ವಾರ ಕಾರ್ಡಿನ ಬಾಕಿಯನ್ನೂ ಕಟ್ಟಿ, ಒಂದೇ ಹೋಟೆಲಿಗೆ ಎರಡು ಸಲ ಹಣ ಕೊಟ್ಟುಬಿಡುವುದು.

ತಾಳೆ ನೋಡುವಾಗ ಯಾವಾಗಲೂ ಸ್ಟೇಟ್‌ಮೆಂಟಿನಿಂದ ಹೊರಟು ಕ್ಲೇಮ್ ಕಡೆಗೆ ಹೋಗಿ. ಸ್ಟೇಟ್‌ಮೆಂಟಿನ ಪ್ರತಿ ಸಾಲಿಗೂ ಕಂಪನಿ ಹಣ ಕಟ್ಟಲೇಬೇಕಾದ್ದರಿಂದ ಪ್ರತಿ ಸಾಲಿಗೂ ಒಂದು ಉತ್ತರ ಸಿಗಲೇಬೇಕು. ಕ್ಲೇಮ್‌ನಿಂದ ಹೊರಟರೆ, ಉದ್ಯೋಗಿ ಬರೆಯದೆ ಬಿಟ್ಟ ಸಾಲು ನಿಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ಹೊಂದಿಸುವಾಗ ರೂಪಾಯಿ ಮೊತ್ತವನ್ನು ನೋಡಬೇಡಿ, ಯೂರೋ ಮೊತ್ತವನ್ನೂ ದಿನಾಂಕವನ್ನೂ ನೋಡಿ. ಅಂಗಡಿಯ ಹೆಸರನ್ನು ಅಷ್ಟಾಗಿ ನಂಬುವಂತಿಲ್ಲ. ಬೋರ್ಡಿನ ಮೇಲೆ ಒಂದು ಹೆಸರಿದ್ದರೆ ಸ್ಟೇಟ್‌ಮೆಂಟಿನಲ್ಲಿ ಅದನ್ನು ನಡೆಸುವ ಸಂಸ್ಥೆಯ ಹೆಸರು ಬಂದಿರಬಹುದು. ಅನುಮಾನ ಬಂದಲ್ಲಿ ಕಾರ್ಡ್ ಸ್ಲಿಪ್ಪಿನ ಮೇಲಿನ ಕೊನೆಯ ನಾಲ್ಕು ಅಂಕಿ ಮತ್ತು ಅನುಮೋದನೆ ಸಂಖ್ಯೆ ನೆರವಿಗೆ ಬರುತ್ತವೆ. ಆ ಸ್ಲಿಪ್ಪುಗಳು ಶಾಖದಿಂದ ಮುದ್ರಣವಾಗುವ ಕಾಗದದವಾದ್ದರಿಂದ ಬೇಗನೆ ಮಾಸುತ್ತವೆ. ನೀವು ಕಳುಹಿಸಿದವುಗಳಲ್ಲೇ ಟ್ಯಾಕ್ಸಿಯ ಸ್ಲಿಪ್ಪಿನ ಅರ್ಧ ಆಗಲೇ ಬಿಳಿಚಿದೆ. ಕೈಗೆ ಬಂದ ದಿನವೇ ಫೋಟೋ ತೆಗೆದಿಡಿ.

ಈಗ ಒಂದೊಂದೇ ಸಾಲಿಗೆ ಬರೋಣ. ಫ್ರಾಂಕ್‌ಫರ್ಟ್‌ನಿಂದ ಸ್ಟುಟ್‌ಗಾರ್ಟ್‌ಗೆ ರೈಲಿನ ಟಿಕೆಟ್ 60 ಯೂರೋ. ಸ್ಟೇಟ್‌ಮೆಂಟಿನಲ್ಲಿ ₹5,580 ಇದೆ, ಕ್ಲೇಮ್‌ನಲ್ಲಿ ₹5,520 ಇದೆ. ಯೂರೋ ಸರಿಯಾಗಿ ಹೊಂದುತ್ತದೆ, ವ್ಯತ್ಯಾಸ ದರದ್ದು. ಮೇಡಂ ಊರಿಗೆ ಬಂದ ಮೇಲೆ ಗೂಗಲ್‌ನಲ್ಲಿ ಕಂಡ ₹92ನ್ನು ಎಲ್ಲ ಕಾರ್ಡ್ ಖರ್ಚಿಗೂ ಹಾಕಿದ್ದಾರೆ. ಕಾರ್ಡ್ ಜಾಲವು ₹93ರಂತೆ ಪರಿವರ್ತಿಸಿದೆ. ಕಾರ್ಡಿನಲ್ಲಿ ಕೊಟ್ಟ ಯಾವ ಖರ್ಚಿಗೂ ಗೂಗಲ್ ದರ ಬೇಕಾಗಿಲ್ಲ, ಏಕೆಂದರೆ ಕಂಪನಿಯ ಬ್ಯಾಂಕ್ ಖಾತೆಯಿಂದ ಹೋಗುವುದು ಸ್ಟೇಟ್‌ಮೆಂಟಿನ ರೂಪಾಯಿಯೇ. ಪುಸ್ತಕದಲ್ಲಿ ₹5,580 ಬರೆಯಿರಿ.

ಹೋಟೆಲಿನ ಸಾಲು ಎಲ್ಲಕ್ಕಿಂತ ದೊಡ್ಡದು, ಅದರಲ್ಲೇ ದೊಡ್ಡ ತಪ್ಪೂ ಇದೆ. ಬಿಲ್ಲಿನ ಪ್ರಕಾರ ಐದು ರಾತ್ರಿಗೆ 550 ಯೂರೋ, ಬೆಳಗಿನ ಉಪಾಹಾರಕ್ಕೆ 40, ಒಟ್ಟು 590. ಸ್ಟೇಟ್‌ಮೆಂಟಿನಲ್ಲೂ 590 ಯೂರೋ, ₹93.20ರ ದರದಲ್ಲಿ ₹54,988. ಆದರೆ ಕ್ಲೇಮ್‌ನಲ್ಲಿ 650 ಯೂರೋ ಎಂದು ಬರೆದು ₹59,800 ಹಾಕಿದ್ದಾರೆ. ಈ 650 ಎಲ್ಲಿಂದ ಬಂತು? ಮಾರ್ಚ್ 23ರಂದು ಕೊಠಡಿಯ ಕೀಲಿ ಕೊಡುವಾಗ ಹೋಟೆಲಿನವರು ಕಾರ್ಡಿನ ಮೇಲೆ ಅಷ್ಟು ಮೊತ್ತವನ್ನು ತಡೆಹಿಡಿದಿದ್ದಾರೆ. ಬಾಡಿಗೆಯ ಜೊತೆಗೆ ಅತಿಥಿ ಬೇರೇನಾದರೂ ತೆಗೆದುಕೊಂಡರೆ ಇರಲಿ ಎಂದು ಸ್ವಲ್ಪ ಹೆಚ್ಚಾಗಿಯೇ ತಡೆಹಿಡಿಯುತ್ತಾರೆ. ಆ ಕ್ಷಣದಲ್ಲಿ ಬ್ಯಾಂಕಿನಿಂದ ಫೋನಿಗೆ ಸಂದೇಶ ಬರುತ್ತದೆ, ಆ ಸಂದೇಶ ಖರ್ಚಾದಾಗ ಬರುವ ಸಂದೇಶದಂತೆಯೇ ಕಾಣುತ್ತದೆ. ಮೇಡಂ ಬಿಲ್ಲನ್ನು ನೋಡದೆ ಆ ಎಸ್ಎಂಎಸ್ ನೋಡಿ ಬರೆದಿದ್ದಾರೆ. ಕ್ಲೇಮ್ ಶೀಟಿನಲ್ಲಿ ಹೋಟೆಲಿನ ದಿನಾಂಕ 28ರ ಬದಲು 23 ಎಂದಿರುವುದರಿಂದ ಅದು ಗೊತ್ತಾಗುತ್ತದೆ. ಇದನ್ನು ಮೋಸ ಎಂದು ಯಾರೂ ಭಾವಿಸಬಾರದು. ಪ್ರವಾಸ ಮಾಡಿದವರಲ್ಲಿ ಈ ತಪ್ಪು ತೀರಾ ಸಾಮಾನ್ಯ.

ತಡೆಹಿಡಿದ ಮೊತ್ತವು ಕಾರ್ಡಿನ ಮಿತಿಯನ್ನು ಕಡಿಮೆ ಮಾಡುತ್ತದೆಯೇ ಹೊರತು ಸ್ಟೇಟ್‌ಮೆಂಟಿನಲ್ಲಿ ಖರ್ಚಾಗಿ ಬರುವುದಿಲ್ಲ. ಕೋಣೆ ಬಿಡುವಾಗ ನಿಜವಾದ ಮೊತ್ತ ಹೋಗುತ್ತದೆ, ತಡೆ ಕೆಲವು ದಿನಗಳಲ್ಲಿ ತಾನಾಗಿ ಬಿಡುಗಡೆಯಾಗುತ್ತದೆ. ಒಂದು ವೇಳೆ ಸ್ಟೇಟ್‌ಮೆಂಟಿನಲ್ಲೇ 650 ಮತ್ತು 590 ಎರಡೂ ಖರ್ಚಾಗಿ ಬಂದಿದ್ದರೆ ವಿಷಯ ಬೇರೆ. ಆಗ ಹೋಟೆಲು ಎರಡು ಸಲ ವಸೂಲು ಮಾಡಿದೆ ಎಂದರ್ಥ, ಮತ್ತು ಅಂತಿಮ ಬಿಲ್ಲನ್ನು ಲಗತ್ತಿಸಿ ಬ್ಯಾಂಕಿಗೆ ಲಿಖಿತ ಆಕ್ಷೇಪಣೆ ಸಲ್ಲಿಸಬೇಕು. ಅದಕ್ಕೆ ಗಡುವಿರುತ್ತದೆ, ಆದ್ದರಿಂದ ಸ್ಟೇಟ್‌ಮೆಂಟ್ ಬಂದ ವಾರದಲ್ಲೇ ತಾಳೆ ನೋಡುವ ಅಭ್ಯಾಸ ಒಳ್ಳೆಯದು. ನಿಮ್ಮಲ್ಲಿ 590 ಒಂದೇ ಸಾಲು ಇದೆ, ಹಾಗಾಗಿ ಚಿಂತೆಯಿಲ್ಲ.

ಗ್ರಾಹಕರೊಂದಿಗಿನ ರಾತ್ರಿಯೂಟದ ಸಾಲಿನಲ್ಲಿ ಯೂರೋ ಕೂಡ ಹೊಂದುವುದಿಲ್ಲ: ಬಿಲ್ 129, ಸ್ಟೇಟ್‌ಮೆಂಟ್ 142. ಮೇಡಂ 129ನ್ನು ₹92ರಿಂದ ಗುಣಿಸಿ ₹11,868 ಹಾಕಿದ್ದಾರೆ, ಸ್ಟೇಟ್‌ಮೆಂಟಿನಲ್ಲಿ ₹13,206. ಉಳಿದ 13 ಯೂರೋ ಟಿಪ್ಸ್. ಜರ್ಮನಿಯಲ್ಲಿ ಬಿಲ್ ತಂದವರಿಗೆ ಟಿಪ್ಸ್ ಸೇರಿಸಿದ ಮೊತ್ತವನ್ನು ಬಾಯಲ್ಲಿ ಹೇಳಿದರೆ, ಅವರು ಅಷ್ಟನ್ನೇ ಯಂತ್ರದಲ್ಲಿ ಒತ್ತುತ್ತಾರೆ. ಅದು ಮುದ್ರಿತ ಬಿಲ್ಲಿನಲ್ಲಿ ಇರುವುದಿಲ್ಲ, ಕಾರ್ಡ್ ಸ್ಲಿಪ್ಪಿನಲ್ಲಿ ಮಾತ್ರ ಇರುತ್ತದೆ. ಆದ್ದರಿಂದ ಊಟದ ಖರ್ಚಿಗೆ ಬಿಲ್ ಮತ್ತು ಸ್ಲಿಪ್ ಎರಡನ್ನೂ ಒಟ್ಟಿಗೆ ಪಿನ್ ಮಾಡಿಡಬೇಕು. ನಿಮ್ಮಲ್ಲಿರುವ ಬಿಲ್ಲಿನ ಕೆಳಭಾಗವನ್ನು ಗಮನಿಸಿ: ಊಟದ ಸಂದರ್ಭ, ಯಾರು ಯಾರು ಊಟ ಮಾಡಿದರು ಎಂದು ತುಂಬಲು ಖಾಲಿ ಗೆರೆಗಳಿವೆ. ವ್ಯವಹಾರದ ಊಟಕ್ಕೆ ಅಲ್ಲಿನ ತೆರಿಗೆ ಇಲಾಖೆ ಆ ವಿವರಗಳನ್ನು ಕೇಳುವುದರಿಂದ ರೆಸ್ಟೋರೆಂಟಿನವರೇ ಅದನ್ನು ಮುದ್ರಿಸಿ ಕೊಡುತ್ತಾರೆ. ಮೇಡಂ ಆ ಗೆರೆಗಳನ್ನು ಖಾಲಿ ಬಿಟ್ಟಿದ್ದಾರೆ. ಗ್ರಾಹಕ ಕಂಪನಿಯ ಹೆಸರು, ಊಟ ಮಾಡಿದವರ ಹೆಸರು, ಟಿಪ್ಸ್ 13 ಯೂರೋ ಎಂದು ಅವರ ಕೈಯಲ್ಲೇ ಬರೆಸಿ ಸಹಿ ಹಾಕಿಸಿ. ಆಡಿಟರ್ ಕೇಳುವ ಮೊದಲ ಪ್ರಶ್ನೆಗೆ ಆ ಎರಡು ಗೆರೆಗಳೇ ಉತ್ತರ.

ಟ್ಯಾಕ್ಸಿಯದು ಸೂಕ್ಷ್ಮವಾದ ಸಂಗತಿ. ರಸೀದಿ 48 ಯೂರೋ. ಕ್ಲೇಮ್‌ನಲ್ಲಿ ₹4,416; ಸ್ಟೇಟ್‌ಮೆಂಟಿನಲ್ಲಿ ₹4,752, ಮತ್ತು ಆ ಸಾಲಿನಲ್ಲಿ ಮಾತ್ರ ಯೂರೋ ಅಂಕಣ ಖಾಲಿ. ಅಂದರೆ ಚಾಲಕರ ಯಂತ್ರವು EUR ಬೇಕೋ INR ಬೇಕೋ ಎಂದು ಕೇಳಿದಾಗ ಮೇಡಂ INR ಒತ್ತಿದ್ದಾರೆ. ನಮ್ಮ ರೂಪಾಯಿಯಲ್ಲೇ ಕೊಟ್ಟರೆ ಲೆಕ್ಕ ಸುಲಭ ಎಂದು ಯಾರಿಗಾದರೂ ಅನಿಸುತ್ತದೆ. ಆದರೆ ಆಗ ಪರಿವರ್ತನೆ ಮಾಡುವುದು ಅಂಗಡಿಯ ಕಡೆಯ ಸಂಸ್ಥೆ, ಅದರ ದರದಲ್ಲಿ ಅದರ ಲಾಭವೂ ಸೇರಿರುತ್ತದೆ. ಇಲ್ಲಿ ದರ ಯೂರೋಗೆ ₹99 ಬಿದ್ದಿದೆ. ಯೂರೋದಲ್ಲೇ ಕೊಟ್ಟು ಬ್ಯಾಂಕಿನ ಶುಲ್ಕ ಸೇರಿಸಿದ್ದರೂ ₹97ರ ಆಸುಪಾಸಿನಲ್ಲೇ ಇರುತ್ತಿತ್ತು. ಕೆಲವು ಬ್ಯಾಂಕುಗಳು ಹೀಗೆ ಹೊರದೇಶದಲ್ಲಿ ರೂಪಾಯಿಯಲ್ಲಿ ನಡೆದ ವ್ಯವಹಾರಕ್ಕೂ ಬೇರೆಯಾಗಿ ಶುಲ್ಕ ಹಾಕುತ್ತವೆ. ನಿಮ್ಮ ಸ್ಟೇಟ್‌ಮೆಂಟಿನಲ್ಲಿ ಅದು ಕಾಣುತ್ತಿಲ್ಲ. ಇದು ಕಂಪನಿಯ ಕೆಲಸದ ಟ್ಯಾಕ್ಸಿಯೇ ಆದ್ದರಿಂದ ಪೂರ್ತಿ ₹4,752 ಕಂಪನಿಯ ಖರ್ಚು, ಹೆಚ್ಚುವರಿಯನ್ನು ಉದ್ಯೋಗಿಯ ತಲೆಗೆ ಕಟ್ಟಬೇಡಿ. ಮುಂದಿನ ಸಲ EUR ಒತ್ತಿ ಎಂದು ತಿಳಿಸಿದರೆ ಸಾಕು.

ಕ್ಲೇಮ್‌ನಲ್ಲಿ ಇಲ್ಲದ ಸಾಲು ಒಂದು ಇದೆ: ವಿಮಾನ ನಿಲ್ದಾಣದ ಅಂಗಡಿಯಲ್ಲಿ 38 ಯೂರೋ, ₹3,534. ಕೇಳಿದಾಗ ಮನೆಗೆ ಚಾಕೊಲೇಟ್ ತಂದದ್ದು ಎಂದರೆಂದು ನೀವೇ ಬರೆದಿದ್ದೀರಿ. ಇದು ಎರಡನೆಯ ಗುಂಪು. ಇದನ್ನು ಅವರಿಂದ ಹಿಂದಕ್ಕೆ ಪಡೆಯಬೇಕು, ಮತ್ತು ಇದಕ್ಕೆ ತಗುಲಿದ ಬ್ಯಾಂಕ್ ಶುಲ್ಕವನ್ನೂ ಸೇರಿಸಿ ಪಡೆಯಬೇಕು.

ಆ ಶುಲ್ಕವೇ ಕ್ಲೇಮ್‌ನಲ್ಲಿ ಯಾರೂ ಬರೆಯದ, ಬರೆಯಲು ಸಾಧ್ಯವೂ ಇಲ್ಲದ ಖರ್ಚು. ನಿಮ್ಮ ಕಾರ್ಡಿನಲ್ಲಿ ವಿದೇಶಿ ಕರೆನ್ಸಿಯ ಪ್ರತಿ ವ್ಯವಹಾರಕ್ಕೂ 3.5% ಮಾರ್ಕಪ್ ಇದೆ, ಆ ಮಾರ್ಕಪ್ ಮೇಲೆ 18% ಜಿಎಸ್‌ಟಿ. ಟ್ಯಾಕ್ಸಿಯನ್ನು ಬಿಟ್ಟು ಉಳಿದ ನಾಲ್ಕು ಸಾಲುಗಳ ಮೊತ್ತ ₹77,308. ಅದರ ಮೇಲೆ ಮಾರ್ಕಪ್ ₹2,706, ಜಿಎಸ್‌ಟಿ ₹487. ಇದರಲ್ಲಿ ಚಾಕೊಲೇಟಿನ ಪಾಲು ₹124 ಮತ್ತು ₹22. ಹಾಗಾಗಿ ಮೇಡಂ ಕಂಪನಿಗೆ ಕೊಡಬೇಕಾದದ್ದು 3,534 + 124 + 22 = ₹3,680.

ಈಗ ಕಾರ್ಡಿಗೆ ಸಂಬಂಧಿಸಿದ ಎರಡು ಕಡೆಯ ಲೆಕ್ಕವನ್ನು ಎದುರುಬದುರು ಇಡೋಣ. ಕ್ಲೇಮ್‌ನಲ್ಲಿ ಕಾರ್ಡಿನ ಖರ್ಚೆಂದು ಬರೆದದ್ದು ಒಟ್ಟು ₹81,604. ಸ್ಟೇಟ್‌ಮೆಂಟಿನಲ್ಲಿ ಚಾಕೊಲೇಟನ್ನೂ ಅದರ ಶುಲ್ಕವನ್ನೂ ತೆಗೆದರೆ ₹81,573. ಆ ₹31 ಹುಟ್ಟಿದ್ದು ಹೀಗೆ: ಹೋಟೆಲಿನಲ್ಲಿ ₹4,812 ಹೆಚ್ಚು ಬರೆದಿದ್ದಾರೆ, ರೈಲಿನಲ್ಲಿ ₹60, ಊಟದಲ್ಲಿ ₹1,338, ಟ್ಯಾಕ್ಸಿಯಲ್ಲಿ ₹336, ಬ್ಯಾಂಕ್ ಶುಲ್ಕದಲ್ಲಿ ₹3,047 ಕಡಿಮೆ ಬರೆದಿದ್ದಾರೆ. ಕಡಿಮೆಯಾದವುಗಳ ಮೊತ್ತ ₹4,781. ಹೋಟೆಲಿನವರು 650ರ ಬದಲು ಸರಿಯಾಗಿ 590 ಯೂರೋವನ್ನೇ ತಡೆಹಿಡಿದಿದ್ದರೆ ಏನಾಗುತ್ತಿತ್ತು ನೋಡಿ. ಕ್ಲೇಮ್ ₹84,159ಕ್ಕೆ ಇಳಿಯುತ್ತಿತ್ತು, ಸ್ಟೇಟ್‌ಮೆಂಟ್ ಅದಕ್ಕಿಂತ ₹1,094 ಹೆಚ್ಚಾಗುತ್ತಿತ್ತು, ಮತ್ತು ಇದೇ ಸೂತ್ರದಲ್ಲಿ ನೀವು ಮೇಡಂ ಸಂಬಳದಿಂದ ₹1,094 ಹಿಡಿದುಕೊಳ್ಳುತ್ತಿದ್ದಿರಿ. ಆದರೆ ಆಗಲೂ ಕಂಪನಿ ಅವರಿಗೆ ಕೊಡಬೇಕಾದದ್ದು ₹4,395ವೇ. ಬಹಳ ವರ್ಷಗಳ ಹಿಂದೆ ನಾನು ಲೆಕ್ಕ ನೋಡಿದ ಒಂದು ಕಡೆ ಹೀಗೆಯೇ ಒಬ್ಬರ ಸಂಬಳದಿಂದ ಹಣ ಹಿಡಿದಿದ್ದರು. ಅವರು ಸಂಕೋಚದಿಂದ ಏನೂ ಕೇಳಲಿಲ್ಲ, ಆಡಿಟ್ ಸಮಯದಲ್ಲಿ ಹಳೆಯ ವೋಚರ್ ತಿರುವಿದಾಗಲೇ ಅದು ಗೊತ್ತಾದದ್ದು. ಅಂದಿನಿಂದ ಒಟ್ಟು ಮೊತ್ತದ ವ್ಯತ್ಯಾಸವನ್ನು ನಾನು ನಂಬುವುದನ್ನೇ ಬಿಟ್ಟಿದ್ದೇನೆ.

ಮೂರನೆಯ ಗುಂಪು ಸರಳವಾಗಿದೆ. ಟ್ರಾಮ್, ಮಧ್ಯಾಹ್ನದ ಊಟ ಎಂದು ನಗದಾಗಿ ಕೊಟ್ಟದ್ದು 85 ಯೂರೋ. ಇದು ಅವರ ಸ್ವಂತ ಹಣದಿಂದ ಕೊಂಡ ಯೂರೋ ಆದ್ದರಿಂದ ಇಲ್ಲಿ ಅನ್ವಯಿಸುವುದು ಕಾರ್ಡಿನ ದರವಲ್ಲ, ಹಣ ವಿನಿಮಯ ಕೇಂದ್ರದ ರಸೀದಿಯಲ್ಲಿರುವ ₹95. ಅವರು ಹಾಕಿರುವ ₹8,075 ಸರಿಯಾಗಿದೆ. ಇದರಲ್ಲಿ ₹3,680 ಕಳೆದರೆ ₹4,395.

ಟ್ಯಾಲಿಯಲ್ಲಿ ಎರಡು ಲೆಡ್ಜರ್ ಇದ್ದರೆ ಈ ಕೆಲಸ ಅಚ್ಚುಕಟ್ಟಾಗುತ್ತದೆ. ಕಾರ್ಡಿಗೆ ಒಂದು, ಅದನ್ನು ಚಾಲ್ತಿ ಹೊಣೆಗಳ ಗುಂಪಿನಡಿ ತೆರೆಯಿರಿ; ಉದ್ಯೋಗಿಯ ಹೆಸರಿನಲ್ಲಿ ಇನ್ನೊಂದು. ಸ್ಟೇಟ್‌ಮೆಂಟ್ ನೋಡಿ ಮೊದಲ ಜರ್ನಲ್ ಹೀಗೆ ಹಾಕಿ:

```
ಡೆಬಿಟ್  ಪ್ರಯಾಣ - ರೈಲು             5,580
ಡೆಬಿಟ್  ವಸತಿ                     54,988
ಡೆಬಿಟ್  ಗ್ರಾಹಕರ ಸತ್ಕಾರ            13,206
ಡೆಬಿಟ್  ಟ್ಯಾಕ್ಸಿ                    4,752
ಡೆಬಿಟ್  ಬ್ಯಾಂಕ್ ಶುಲ್ಕ               2,582
ಡೆಬಿಟ್  ಇನ್‌ಪುಟ್ ಜಿಎಸ್‌ಟಿ            465
ಡೆಬಿಟ್  ಉದ್ಯೋಗಿ ಖಾತೆ              3,680
ಕ್ರೆಡಿಟ್ ಕಂಪನಿ ಕಾರ್ಡ್            85,253
```

ಎರಡನೆಯ ಜರ್ನಲ್‌ನಲ್ಲಿ ಸ್ಥಳೀಯ ಪ್ರಯಾಣ ಮತ್ತು ಊಟಕ್ಕೆ ₹8,075 ಡೆಬಿಟ್, ಉದ್ಯೋಗಿ ಖಾತೆಗೆ ಅಷ್ಟೇ ಕ್ರೆಡಿಟ್. ಈಗ ಉದ್ಯೋಗಿಯ ಲೆಡ್ಜರಿನಲ್ಲಿ ₹4,395 ಕ್ರೆಡಿಟ್ ಬಾಕಿ ತಾನಾಗಿ ನಿಲ್ಲುತ್ತದೆ. ಅದನ್ನು ಕೊಟ್ಟಾಗ ಖಾತೆ ಸೊನ್ನೆಯಾಗುತ್ತದೆ. ಬ್ಯಾಂಕಿನಿಂದ ಕಾರ್ಡ್ ಬಾಕಿ ಕಟ್ಟಿದ ದಿನ ಕಾರ್ಡಿನ ಲೆಡ್ಜರನ್ನು ಡೆಬಿಟ್ ಮಾಡಿ. ಕಟ್ಟುವ ಮೊದಲು ಆ ಲೆಡ್ಜರಿನ ಬಾಕಿಯೂ ಸ್ಟೇಟ್‌ಮೆಂಟಿನ ಬಾಕಿಯೂ ಪೈಸೆ ಬಿಡದೆ ಒಂದೇ ಆಗಿರಬೇಕು. ಇಲ್ಲಿ ನಾನು ಓದಲು ಸುಲಭವಾಗಲೆಂದು ರೂಪಾಯಿಗೆ ಹೊಂದಿಸಿದ್ದೇನೆ, ನೀವು ಪೈಸೆಯನ್ನೂ ಹಾಕಿ.

ನಿಮ್ಮ ಸ್ಟೇಟ್‌ಮೆಂಟಿನ ಅವಧಿ ಮಾರ್ಚ್ 16ರಿಂದ ಏಪ್ರಿಲ್ 15ರವರೆಗೆ ಇರುವುದರಿಂದ ದಿನಾಂಕದ ವಿಷಯದಲ್ಲಿ ಎಚ್ಚರ ಬೇಕು. ಹೋಟೆಲಿನ ವ್ಯವಹಾರದ ದಿನಾಂಕ ಮಾರ್ಚ್ 28, ಬ್ಯಾಂಕ್ ದಾಖಲಿಸಿದ್ದು ಏಪ್ರಿಲ್ 1. ಮೇಡಂ ಉಳಿದುಕೊಂಡದ್ದು ಮಾರ್ಚ್‌ನಲ್ಲಿ, ಆದ್ದರಿಂದ ಖರ್ಚು 2024-25ರದ್ದೇ. ಜರ್ನಲನ್ನು ಮಾರ್ಚ್ ತಿಂಗಳ ದಿನಾಂಕದಲ್ಲಿ ಹಾಕಿದರೆ, ಮಾರ್ಚ್ 31ರ ಬ್ಯಾಲೆನ್ಸ್ ಶೀಟಿನಲ್ಲಿ ಕಾರ್ಡಿನ ಬಾಕಿ ಹೊಣೆಯಾಗಿ ಕಾಣುತ್ತದೆ, ಏಪ್ರಿಲ್‌ನಲ್ಲಿ ಪಾವತಿಯಾದಾಗ ತೀರುತ್ತದೆ. ಸ್ಟೇಟ್‌ಮೆಂಟ್ ಬಂದ ತಿಂಗಳಿಗೆ ಹಾಕಿಬಿಡುವ ರೂಢಿ ಬೇರೆ ತಿಂಗಳುಗಳಲ್ಲಿ ಅಷ್ಟು ತೊಂದರೆ ಕೊಡದು, ಮಾರ್ಚ್‌ನಲ್ಲಿ ಮಾತ್ರ ಕೊಡುತ್ತದೆ.

ಮೇಲಿನ ₹465 ಇನ್‌ಪುಟ್ ಕ್ರೆಡಿಟನ್ನು ಕಣ್ಣುಮುಚ್ಚಿ ತೆಗೆದುಕೊಳ್ಳಬೇಡಿ. ಕಾರ್ಡ್ ಕೊಟ್ಟ ಬ್ಯಾಂಕಿನಲ್ಲಿ ನಿಮ್ಮ ಕಂಪನಿಯ ಜಿಎಸ್‌ಟಿ ಸಂಖ್ಯೆ ನೋಂದಣಿಯಾಗಿದ್ದು, ಆ ಶುಲ್ಕ ನಿಮ್ಮ ಜಿಎಸ್‌ಟಿಆರ್-2ಬಿ ಯಲ್ಲಿ ಬಂದಿದ್ದರೆ ಮಾತ್ರ ಅದು ಸಿಗುತ್ತದೆ. ಬಂದಿಲ್ಲವಾದರೆ ಅದನ್ನೂ ಬ್ಯಾಂಕ್ ಶುಲ್ಕಕ್ಕೆ ಸೇರಿಸಿ, ಮುಂದಿನ ಸಲಕ್ಕಾದರೂ ಸಿಗಲೆಂದು ಬ್ಯಾಂಕಿಗೆ ಪತ್ರ ಬರೆದು ಸಂಖ್ಯೆ ಕೊಡಿ. ಬ್ಯಾಂಕಿನ ದಾಖಲೆಯಲ್ಲಿ ಪೂರ್ತಿ ₹487 ಕಂಡರೂ ಚಾಕೊಲೇಟಿನ ₹22ನ್ನು ಬಿಟ್ಟೇ ತೆಗೆದುಕೊಳ್ಳಿ. ಜರ್ಮನಿಯ ಬಿಲ್ಲುಗಳಲ್ಲಿರುವ ಅಲ್ಲಿನ ತೆರಿಗೆಗೆ ನಮ್ಮ ಜಿಎಸ್‌ಟಿಯಲ್ಲಿ ಯಾವ ಕ್ರೆಡಿಟ್ಟೂ ಇಲ್ಲ, ಅದು ಖರ್ಚಿನ ಭಾಗವೇ. ದೇಶದೊಳಗಿನ ಪ್ರವಾಸದಲ್ಲೂ ಇಂಥದೇ ಒಂದು ತೊಡಕಿದೆ: ಕರ್ನಾಟಕದಲ್ಲಿ ಮಾತ್ರ ನೋಂದಣಿಯಿರುವ ಕಂಪನಿಯವರು ಮುಂಬೈ ಹೋಟೆಲಿನಲ್ಲಿ ಉಳಿದರೆ ಬಿಲ್ಲಿನಲ್ಲಿ ಬೀಳುವುದು ಮಹಾರಾಷ್ಟ್ರದ ತೆರಿಗೆ, ಬಿಲ್ಲಿನ ಮೇಲೆ ನಿಮ್ಮ ಸಂಖ್ಯೆ ಇದ್ದರೂ ಅದನ್ನು ಇಲ್ಲಿ ಕ್ರೆಡಿಟ್ ತೆಗೆದುಕೊಳ್ಳಲು ಬರುವುದಿಲ್ಲ.

ಹಣ ಕೊಡುವಾಗ ಮೇಡಂಗೆ ₹4,395 ಹೇಗೆ ಬಂತೆಂಬ ಒಂದು ಪುಟದ ಹಾಳೆಯನ್ನೂ ಕೊಡಿ: ನಗದು ಖರ್ಚು 8,075, ಚಾಕೊಲೇಟ್ ಮತ್ತು ಅದರ ಶುಲ್ಕ 3,680, ಹೋಟೆಲನ್ನು 650ರಿಂದ 590ಕ್ಕೆ ತಿದ್ದಿದ ಕಾರಣ. ಅವರು ಒಪ್ಪಿ ಸಹಿ ಮಾಡಿದ ಪ್ರತಿಯನ್ನು ಸ್ಟೇಟ್‌ಮೆಂಟಿನ ಹಿಂದೆ, ಬಿಲ್ಲುಗಳನ್ನು ಸ್ಟೇಟ್‌ಮೆಂಟಿನ ಸಾಲುಗಳ ಕ್ರಮದಲ್ಲೇ ಜೋಡಿಸಿ, ಜರ್ನಲ್ ವೋಚರಿನ ಸಂಖ್ಯೆ ಬರೆದು ಫೈಲ್ ಮಾಡಿ.